ಎರಡನೇ ತಪ್ಪಿಗೆ ಜಾಗ ಇಲ್ಲ: ನಾಲ್ಕು ಬಿಟ್‌ಗಳ ಹ್ಯಾಮಿಂಗ್ ಕೋಡ್ ಬಿಡಿಸಿ ನೋಡಿದರೆ

2025ರ ಜುಲೈನಲ್ಲಿ ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕರು ಜಿಪಿಯುಹ್ಯಾಮರ್ ಅನ್ನುವ ದಾಳಿಯ ವಿವರ ಹೊರಗಿಟ್ಟರು. ಎನ್‌ವಿಡಿಯಾ ಎ6000 ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯಲ್ಲಿ ಒಂದು ಸಾಲನ್ನು ಮತ್ತೆ ಮತ್ತೆ, ಬಹಳ ವೇಗವಾಗಿ ಓದುತ್ತಾ ಹೋದರೆ ಪಕ್ಕದ ಸಾಲಿನ ಬಿಟ್‌ಗಳು ತಾವಾಗಿಯೇ ಮಗುಚಿ ಬೀಳುತ್ತವೆ. 0 ಇದ್ದದ್ದು 1 ಆಗುತ್ತದೆ, 1 ಇದ್ದದ್ದು 0 ಆಗುತ್ತದೆ. ಹೀಗೆ ಒಂದೇ ಒಂದು ಬಿಟ್ ಮಗುಚಿಸಿ, ಚಿತ್ರ ಗುರುತಿಸುವ ಒಂದು ಮಾದರಿಯ ನಿಖರತೆಯನ್ನು ಶೇ. 80ರಿಂದ ಶೇ. 1ಕ್ಕಿಂತ ಕೆಳಗೆ ಇಳಿಸಿ ತೋರಿಸಿದರು.

ಒಂದು ಬಿಟ್‌ನಿಂದ ಇಷ್ಟೆಲ್ಲ ಆಗುತ್ತಾ ಅಂತ ಅನುಮಾನ ಬರುವುದು ಸಹಜ. ಆದರೆ ಲೆಕ್ಕ ಹಾಕಿದರೆ ಆಶ್ಚರ್ಯವೇನೂ ಇಲ್ಲ. 0.5 ಅನ್ನುವ ಸಂಖ್ಯೆಯನ್ನು 16 ಬಿಟ್‌ಗಳ ಫ್ಲೋಟಿಂಗ್ ಪಾಯಿಂಟ್ ರೂಪದಲ್ಲಿ ಇಟ್ಟರೆ, ಅದರ ಘಾತದ ಭಾಗ `01110` ಎಂದಿರುತ್ತದೆ. ಎಡತುದಿಯ ಆ ಸೊನ್ನೆ ಒಂದಾದರೆ `11110`. ಈಗ ಅದೇ ಸಂಖ್ಯೆ 32768. ಅರ್ಧ ಇದ್ದದ್ದು ಮೂವತ್ತೆರಡು ಸಾವಿರ ದಾಟಿತು. ಅಂಥ ಒಂದು ಸಂಖ್ಯೆ ಲೆಕ್ಕದ ಮಧ್ಯೆ ಬಂದರೆ ಅದರ ಮುಂದಿನದೆಲ್ಲ ಕೊಚ್ಚಿಕೊಂಡು ಹೋಗುತ್ತದೆ.

ಇದಕ್ಕೆ ಎನ್‌ವಿಡಿಯಾ ಕೊಟ್ಟ ಸಲಹೆ ಸರಳವಾಗಿತ್ತು: ಕಾರ್ಡಿನಲ್ಲಿ ಇಸಿಸಿ, ಅಂದರೆ ತಪ್ಪು ತಿದ್ದುವ ಕೋಡ್, ಆನ್ ಮಾಡಿಕೊಳ್ಳಿ. `nvidia-smi -e 1` ಎಂದು ಕೊಟ್ಟು ರೀಬೂಟ್ ಮಾಡಿದರೆ ಆಯಿತು. ಮೆಮೊರಿಯಲ್ಲಿ ಸುಮಾರು ಶೇ. 6.25 ಕಡಿಮೆ ಆಗುತ್ತದೆ, ಕೆಲವು ಕೆಲಸಗಳಲ್ಲಿ ವೇಗ ಶೇ. 10ರವರೆಗೆ ತಗ್ಗಬಹುದು. ಆದರೆ ಸಂಶೋಧಕರು ಆ ಕಾರ್ಡಿನಲ್ಲಿ ಕಂಡಿದ್ದು ಒಂಟಿ ಬಿಟ್ ತಪ್ಪುಗಳು. ಅಂಥದ್ದನ್ನು ಇಸಿಸಿ ಓದುವಾಗಲೇ ತಿದ್ದಿಬಿಡುತ್ತದೆ.

ತಿದ್ದುತ್ತದೆ ಅಂದರೆ ಹೇಗೆ? ಬಿಟ್‌ಗೆ ಇರುವುದು ಎರಡೇ ಬೆಲೆ. ಹಾಗಾಗಿ ಯಾವುದು ಕೆಟ್ಟಿದೆ ಅಂತ ಗೊತ್ತಾದರೆ ಸಾಕು, ಅದನ್ನು ಮಗುಚಿದರೆ ಸರಿಹೋಗುತ್ತದೆ. ಕಷ್ಟವೆಲ್ಲ ಯಾವುದು ಅಂತ ಕಂಡುಹಿಡಿಯುವುದರಲ್ಲಿದೆ. ಇದಕ್ಕಿರುವ ಉಪಾಯವನ್ನು ನಾಲ್ಕೇ ಬಿಟ್‌ಗಳಲ್ಲಿ ಪೂರ್ತಿ ನೋಡಬಹುದು, ಕಾಗದ ಪೆನ್ಸಿಲ್ ಸಾಕು. ಆಮೇಲೆ ಅದು ಎಲ್ಲಿ ಕೈಕೊಡುತ್ತದೆ ಅನ್ನುವುದನ್ನೂ ಅದೇ ಕಾಗದದ ಮೇಲೆ ನೋಡಬಹುದು. ನನಗೆ ಮುಖ್ಯ ಅನ್ನಿಸುವುದು ಆ ಎರಡನೇ ಭಾಗವೇ. ಇಸಿಸಿ ಇದೆ ಅಂದ ಮೇಲೆ ಚಿಂತೆ ಇಲ್ಲ ಅಂತ ತುಂಬ ಜನ ನಂಬಿರುತ್ತಾರೆ. ಯಾವ ಬಗೆಯ ಇಸಿಸಿ ಅಂತ ಕೇಳುವವರು ಕಡಿಮೆ.

ಮೊದಲು ಪ್ಯಾರಿಟಿ. ನಾಲ್ಕು ಬಿಟ್‌ಗಳಿವೆ, ಅದರಲ್ಲಿ ಎಷ್ಟು 1 ಇವೆ ಎಂದು ಎಣಿಸಿ. ಒಟ್ಟು ಸಮಸಂಖ್ಯೆ ಆಗುವಂತೆ ಕೊನೆಗೆ ಒಂದು ಬಿಟ್ ಸೇರಿಸಿ. `1011`ರಲ್ಲಿ ಮೂರು 1 ಇವೆ, ಅದು ಬೆಸ. ಹಾಗಾಗಿ ಇನ್ನೊಂದು 1 ಸೇರಿಸಿ `10111` ಮಾಡುತ್ತೇವೆ. ಓದುವಾಗ ಮತ್ತೆ ಎಣಿಸಿದಾಗ ಬೆಸ ಬಂದರೆ ಎಲ್ಲೋ ಒಂದು ಬಿಟ್ ಕೆಟ್ಟಿದೆ. ಎಲ್ಲಿ ಅಂತ ಮಾತ್ರ ಗೊತ್ತಾಗುವುದಿಲ್ಲ.

ಕೇಳಿ ತಿಳಿಯಲು ಆ ಕಡೆ ಒಬ್ಬರು ಇದ್ದರೆ ಇಷ್ಟು ಸಾಕು. ನಮ್ಮ ಆಧಾರ್ ಸಂಖ್ಯೆಯ ಕೊನೆಯ ಅಂಕಿ ಇಂಥ ಕಾವಲುಗಾರನೇ. ವೆರ್ಹೂಫ್ ಅನ್ನುವ ವಿಧಾನದಲ್ಲಿ ಲೆಕ್ಕ ಹಾಕಿ ಅದನ್ನು ಇಟ್ಟಿರುತ್ತಾರೆ. ಒಂದು ಅಂಕಿ ತಪ್ಪಾಗಿ ಒತ್ತಿದರೆ ಸಂಖ್ಯೆ ಸರಿಯಿಲ್ಲ ಅನ್ನುವುದು ಅಲ್ಲೇ ಸಿಕ್ಕಿಬೀಳುತ್ತದೆ, ನೀವು ಇನ್ನೊಮ್ಮೆ ಕಾರ್ಡ್ ನೋಡಿ ಒತ್ತುತ್ತೀರಿ. ಆದರೆ ಮೆಮೊರಿಯಲ್ಲಿ ಕೆಟ್ಟ ಬಿಟ್‌ಗೆ ಮೂಲ ಪ್ರತಿ ಅಂತ ಬೇರೆ ಎಲ್ಲೂ ಇರುವುದಿಲ್ಲ. ಯಾರನ್ನು ಕೇಳುವುದು?

ಈ ಪ್ರಶ್ನೆ ರಿಚರ್ಡ್ ಹ್ಯಾಮಿಂಗ್ ಅವರನ್ನು 1940ರ ದಶಕದ ಕೊನೆಯಲ್ಲಿ ಕಾಡಿತು. ಆಗ ಅವರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದರು. ಅಲ್ಲಿದ್ದದ್ದು ರಿಲೇಗಳಿಂದ ಮಾಡಿದ ಲೆಕ್ಕದ ಯಂತ್ರ. ಅವರ ಪಾಲಿಗೆ ಅದು ಸಿಗುತ್ತಿದ್ದದ್ದು ವಾರಾಂತ್ಯದಲ್ಲಿ, ನೋಡಿಕೊಳ್ಳಲು ಯಾರೂ ಇಲ್ಲದಾಗ. ತಪ್ಪು ಕಂಡರೆ ಯಂತ್ರ ಆ ಕೆಲಸವನ್ನು ಅಲ್ಲಿಗೇ ಕೈಬಿಟ್ಟು ಮುಂದಿನ ಕೆಲಸಕ್ಕೆ ಹೋಗುತ್ತಿತ್ತು. ಸೋಮವಾರ ಬಂದು ನೋಡಿದರೆ ಇವರ ಲೆಕ್ಕ ಆಗಿರುತ್ತಲೇ ಇರಲಿಲ್ಲ. ತಪ್ಪಾಗಿದೆ ಅಂತ ಗೊತ್ತು ಹಚ್ಚುವ ಯಂತ್ರಕ್ಕೆ ಎಲ್ಲಿ ತಪ್ಪಾಗಿದೆ ಅಂತ ಯಾಕೆ ಗೊತ್ತಾಗಬಾರದು ಅಂತ ಅವರು ಯೋಚಿಸತೊಡಗಿದರು. ಉತ್ತರ 1950ರ ಏಪ್ರಿಲ್‌ನಲ್ಲಿ ಬೆಲ್‌ನ ತಾಂತ್ರಿಕ ಪತ್ರಿಕೆಯಲ್ಲಿ ಅಚ್ಚಾಯಿತು. ಅದರ ಏಳು ಬಿಟ್‌ಗಳ ಉದಾಹರಣೆ ಮಾತ್ರ 1948ರಲ್ಲೇ ಕ್ಲಾಡ್ ಶ್ಯಾನನ್ ಅವರ ಪ್ರಸಿದ್ಧ ಲೇಖನದಲ್ಲಿ ಹ್ಯಾಮಿಂಗ್ ಹೆಸರಿನ ಜೊತೆಗೇ ಬಂದಿತ್ತು.

ಹ್ಯಾಮಿಂಗ್ ಅವರ ಉಪಾಯ ಅರ್ಥವಾಗಲು ಹಳೇ ಕಿರಾಣಿ ಅಂಗಡಿಯ ತಕ್ಕಡಿ ನೆನೆಸಿಕೊಳ್ಳಿ. ನಿಮ್ಮ ಹತ್ತಿರ 1, 2, 4 ಕಿಲೋದ ಮೂರೇ ತೂಕದ ಕಲ್ಲುಗಳಿವೆ. ಇವುಗಳಲ್ಲಿ 1ರಿಂದ 7 ಕಿಲೋವರೆಗೆ ಯಾವುದನ್ನು ಬೇಕಾದರೂ ತೂಗಬಹುದು. 3 ಅಂದರೆ 1 ಮತ್ತು 2. 5 ಅಂದರೆ 1 ಮತ್ತು 4. 6 ಅಂದರೆ 2 ಮತ್ತು 4. 7 ಅಂದರೆ ಮೂರೂ. ಪ್ರತಿ ತೂಕಕ್ಕೂ ಒಂದೇ ಒಂದು ಜೋಡಣೆ, ಎರಡನೇ ದಾರಿ ಇಲ್ಲ.

ಈಗ ಏಳು ಖಾನೆಗಳನ್ನು ಬರೆದು 1ರಿಂದ 7ರವರೆಗೆ ಸಂಖ್ಯೆ ಕೊಡಿ. ಒಂದೊಂದು ಕಲ್ಲಿಗೂ ಒಂದೊಂದು ಪ್ಯಾರಿಟಿ ಗುಂಪು. ಯಾವ ಖಾನೆಯನ್ನು ತೂಗಲು 1ರ ಕಲ್ಲು ಬೇಕೋ ಅವೆಲ್ಲ ಮೊದಲ ಗುಂಪು: 1, 3, 5, 7. 2ರ ಕಲ್ಲು ಬೇಕಾದವು ಎರಡನೇ ಗುಂಪು: 2, 3, 6, 7. 4ರ ಕಲ್ಲು ಬೇಕಾದವು ಮೂರನೇ ಗುಂಪು: 4, 5, 6, 7. ಇದರಲ್ಲಿ 1, 2, 4ನೇ ಖಾನೆಗಳು ಒಂದೊಂದೇ ಗುಂಪಿಗೆ ಸೇರಿವೆ. ಅವುಗಳಲ್ಲಿ ಪ್ಯಾರಿಟಿ ಬಿಟ್ ಇಡುತ್ತೇವೆ. ಉಳಿದ 3, 5, 6, 7ರಲ್ಲಿ ನಮ್ಮ ನಾಲ್ಕು ಡೇಟಾ ಬಿಟ್‌ಗಳು.

```
ಖಾನೆ :  1   2   3   4   5   6   7
ಬಿಟ್  :  p1  p2  d1  p4  d2  d3  d4
```

ನಮ್ಮ ಡೇಟಾ `1011` ಇರಲಿ. ಅಂದರೆ 3ನೇ ಖಾನೆಗೆ 1, 5ನೆಯದಕ್ಕೆ 0, 6ಕ್ಕೆ 1, 7ಕ್ಕೆ 1. ಈಗ ಒಂದೊಂದೇ ಗುಂಪು ನೋಡೋಣ. ಮೊದಲ ಗುಂಪಿನ 3, 5, 7ರಲ್ಲಿ ಇರುವುದು 1, 0, 1. ಎರಡು ಒಂದುಗಳು, ಆಗಲೇ ಸಮ. ಹಾಗಾಗಿ p1 ಸೊನ್ನೆ. ಎರಡನೇ ಗುಂಪಿನ 3, 6, 7ರಲ್ಲಿ 1, 1, 1. ಮೂರು ಒಂದುಗಳು, ಬೆಸ. ಸಮ ಮಾಡಲು p2 ಒಂದು ಆಗಬೇಕು. ಮೂರನೇ ಗುಂಪಿನ 5, 6, 7ರಲ್ಲಿ 0, 1, 1. ಸಮ, ಹಾಗಾಗಿ p4 ಸೊನ್ನೆ. ಎಲ್ಲ ಜೋಡಿಸಿದರೆ ಬರೆದಿಡಬೇಕಾದ ಕೋಡ್ ಪದ `0110011`.

ಇದನ್ನು ಮೆಮೊರಿಯಲ್ಲಿ ಇಟ್ಟೆವು. ಮಧ್ಯೆ 6ನೇ ಖಾನೆ ಮಗುಚಿ ಬಿತ್ತು. ಓದಿದಾಗ ಸಿಕ್ಕಿದ್ದು `0110001`. ಓದುವ ಕಡೆಯವರಿಗೆ ಮೂಲ ಏನಿತ್ತು ಅಂತ ಗೊತ್ತಿಲ್ಲ. ಅವರು ಮಾಡುವುದು ಮೂರು ಗುಂಪುಗಳನ್ನು ಮತ್ತೆ ಎಣಿಸುವುದು, ಅಷ್ಟೇ. 1, 3, 5, 7ನೇ ಖಾನೆಗಳಲ್ಲಿ 0, 1, 0, 1. ಸಮ, ತಕರಾರಿಲ್ಲ. 2, 3, 6, 7ರಲ್ಲಿ 1, 1, 0, 1. ಬೆಸ, ಇಲ್ಲಿ ಏನೋ ತಪ್ಪಿದೆ. 4, 5, 6, 7ರಲ್ಲಿ 0, 0, 0, 1. ಇದೂ ಬೆಸ. ತಕರಾರು ಬಂದದ್ದು 2 ಮತ್ತು 4ರ ಗುಂಪುಗಳಿಂದ. ಕೂಡಿದರೆ 6. ಕೆಟ್ಟದ್ದು 6ನೇ ಖಾನೆ. ಅದನ್ನು ಮಗುಚಿ, `0110011` ವಾಪಸ್ ಬಂತು.

ತಕರಾರುಗಳನ್ನು ಕೂಡಿದಾಗ ಬರುವ ಈ ಸಂಖ್ಯೆಗೆ ಸಿಂಡ್ರೋಮ್ ಎನ್ನುತ್ತಾರೆ. ವೈದ್ಯರು ಲಕ್ಷಣಗಳ ಗುಂಪಿಗೆ ಬಳಸುವ ಅದೇ ಪದ. ಸಿಂಡ್ರೋಮ್ ಸೊನ್ನೆ ಆದರೆ ಎಲ್ಲ ಸರಿ. ಇಲ್ಲದಿದ್ದರೆ ಅದೇ ಕೆಟ್ಟ ಖಾನೆಯ ವಿಳಾಸ. ಪ್ಯಾರಿಟಿ ಬಿಟ್ ಸ್ವತಃ ಕೆಟ್ಟರೆ? 2ನೇ ಖಾನೆ ಮಗುಚಿದೆ ಅಂದುಕೊಳ್ಳಿ, `0010011`. ಮೊದಲ ಗುಂಪು ಸಮ, ಮೂರನೆಯದೂ ಸಮ, ಎರಡನೆಯದು ಮಾತ್ರ ಬೆಸ. ಸಿಂಡ್ರೋಮ್ 2. ಕಾವಲುಗಾರನೇ ಕೆಟ್ಟಿದ್ದಾನೆ ಅನ್ನುವುದು ಕೂಡ ಅದೇ ಲೆಕ್ಕದಲ್ಲಿ ಗೊತ್ತಾಯಿತು. ಇದಕ್ಕೆ ಬೇರೆ ನಿಯಮ ಬೇಕಾಗಲೇ ಇಲ್ಲ, ಅದೇ ಈ ಜೋಡಣೆಯ ಚೆಂದ.

ಪ್ರೋಗ್ರಾಂ ಬರೆಯುವವರಿಗೆ ಇನ್ನೂ ಚಿಕ್ಕ ದಾರಿ ಇದೆ. 1 ಇರುವ ಖಾನೆಗಳ ಸಂಖ್ಯೆಗಳನ್ನೆಲ್ಲ ಎಕ್ಸ್‌ಆರ್ ಮಾಡುತ್ತಾ ಹೋಗಿ. ಕೊನೆಗೆ ಉಳಿಯುವುದೇ ಸಿಂಡ್ರೋಮ್.

```
def syndrome(w):
    s = 0
    for pos, bit in enumerate(w, start=1):
        if bit:
            s ^= pos
    return s

print(syndrome([0,1,1,0,0,1,1]))   # 0
print(syndrome([0,1,1,0,0,0,1]))   # 6
```

ಹಾರ್ಡ್‌ವೇರ್‌ನಲ್ಲಿ ಲೂಪ್ ಇರುವುದಿಲ್ಲ. ಎಕ್ಸ್‌ಆರ್ ಗೇಟ್‌ಗಳ ಮೂರು ಗುಂಪು ಒಟ್ಟಿಗೇ ಕೆಲಸ ಮಾಡುತ್ತವೆ.

ಮೂರು ಬಿಟ್‌ಗಳೇ ಯಾಕೆ, ಎರಡು ಸಾಲದೇ? ಎರಡು ಪ್ಯಾರಿಟಿ ಗುಂಪುಗಳಿಂದ ಬರಬಹುದಾದ ಉತ್ತರಗಳು ನಾಲ್ಕೇ. ಆದರೆ ಆಗ ಒಟ್ಟು ಆರು ಖಾನೆ ಇರುತ್ತವೆ, ಜೊತೆಗೆ ಯಾವುದೂ ಕೆಟ್ಟಿಲ್ಲ ಅನ್ನುವ ಉತ್ತರವೂ ಬೇಕು. ಅಂದರೆ ಏಳು ಬೇರೆ ಬೇರೆ ಉತ್ತರ ಬೇಕು, ಇರುವುದು ನಾಲ್ಕು. ಸಾಲದು. ಮೂರು ಗುಂಪು ಇದ್ದರೆ ಉತ್ತರಗಳು ಎಂಟು. ಬೇಕಾದದ್ದು ಏಳು ಖಾನೆಗೆ ಏಳು, ಸರಿ ಇದೆ ಅನ್ನಲು ಒಂದು. ಸರಿಯಾಗಿ ಎಂಟು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ. ಪ್ರತಿ ಬಿಟ್ಟನ್ನೂ ಮೂರು ಸಲ ಬರೆದಿಟ್ಟು ಬಹುಮತ ನೋಡಬಹುದು, ಅದೂ ಒಂದು ತಪ್ಪು ತಿದ್ದುತ್ತದೆ. ಆದರೆ ಅದಕ್ಕೆ 12 ಬಿಟ್ ಬೇಕು, ಇಲ್ಲಿ 7 ಸಾಕಾಯಿತು.

ಲಾಭ ಎಷ್ಟು ಅಂತ ಒಂದು ಅಂದಾಜು ಮಾಡೋಣ. ಪ್ರತಿ ಬಿಟ್ ಕೆಡುವ ಸಾಧ್ಯತೆ ನೂರಕ್ಕೆ ಒಂದು, ಒಂದು ಕೆಟ್ಟರೆ ಇನ್ನೊಂದಕ್ಕೆ ಸಂಬಂಧ ಇಲ್ಲ ಅಂದುಕೊಳ್ಳಿ. ಏನೂ ರಕ್ಷಣೆ ಇಲ್ಲದ ನಾಲ್ಕು ಬಿಟ್‌ಗಳಲ್ಲಿ ಏನಾದರೂ ಕೆಡುವ ಸಾಧ್ಯತೆ ನೂರಕ್ಕೆ ಸುಮಾರು 4. ಹ್ಯಾಮಿಂಗ್ ಕೋಡಿನಲ್ಲಿ ಏಳರಲ್ಲಿ ಎರಡು ಅಥವಾ ಹೆಚ್ಚು ಕೆಟ್ಟರೆ ಮಾತ್ರ ತೊಂದರೆ. ಅದರ ಸಾಧ್ಯತೆ ಸಾವಿರಕ್ಕೆ ಸುಮಾರು 2. ಇಪ್ಪತ್ತು ಪಟ್ಟು ಉತ್ತಮ. ಬಿಟ್ ಕೆಡುವುದು ಇನ್ನೂ ಅಪರೂಪವಾದಷ್ಟೂ ಈ ಪಟ್ಟು ಇನ್ನೂ ದೊಡ್ಡದಾಗುತ್ತದೆ.

ಆದರೆ ಎರಡು ಕೆಟ್ಟರೆ ಏನಾಗುತ್ತದೆ? ತಿದ್ದಲು ಆಗುವುದಿಲ್ಲ ಅಂತ ಹೇಳಿ ಮುಗಿಸುವುದು ಸುಲಭ. ನಿಜವಾಗಿ ಆಗುವುದು ಅದಕ್ಕಿಂತ ಕೆಟ್ಟದ್ದು, ಹಾಗಾಗಿ ಮಾಡಿಯೇ ನೋಡೋಣ.

ಅದೇ `0110011`. ಈ ಸಲ 3 ಮತ್ತು 6, ಎರಡೂ ಮಗುಚಿದವು. ಓದಿದಾಗ ಸಿಕ್ಕಿದ್ದು `0100001`. ಮೊದಲ ಗುಂಪು 0, 0, 0, 1. ಬೆಸ. ಎರಡನೆಯದು 1, 0, 0, 1. ಸಮ. ಮೂರನೆಯದು 0, 0, 0, 1. ಬೆಸ. ತಕರಾರು 1 ಮತ್ತು 4ರಿಂದ, ಸಿಂಡ್ರೋಮ್ 5. ಯಂತ್ರ ನಿಯಮದ ಪ್ರಕಾರ 5ನೇ ಖಾನೆ ಮಗುಚುತ್ತದೆ. ಅದು ಪಾಪ ಸರಿಯಾಗೇ ಇತ್ತು. ಈಗ ಪದ `0100101`. ಇದನ್ನು ಇನ್ನೊಮ್ಮೆ ಪರೀಕ್ಷೆ ಮಾಡಿದರೆ ಮೂರೂ ಗುಂಪು ಸಮ, ಸಿಂಡ್ರೋಮ್ ಸೊನ್ನೆ. ಎಲ್ಲ ಸರಿ ಅನ್ನುವ ಸರ್ಟಿಫಿಕೇಟ್ ಸಮೇತ ಹೊರಗೆ ಬಂದ ಡೇಟಾ `0101`. ಒಳಗಿಟ್ಟದ್ದು `1011`. ಎರಡು ಬಿಟ್ ಕೆಟ್ಟಿದ್ದವು, ತಿದ್ದಿದ ಮೇಲೆ ಮೂರು ಕೆಟ್ಟವು.

ಇದು ನಾನು ಹುಡುಕಿ ಆರಿಸಿದ ಕೆಟ್ಟ ಉದಾಹರಣೆ ಅನ್ನಿಸಬಹುದು. ಅಲ್ಲ. ಏಳು ಖಾನೆಗಳಲ್ಲಿ ಎರಡನ್ನು ಆರಿಸುವ ದಾರಿಗಳು 21. ಎಲ್ಲ 21ರಲ್ಲೂ ಯಂತ್ರ ಮೂರನೇ ಒಂದು ಖಾನೆಯನ್ನು ತಪ್ಪಾಗಿ ಮಗುಚುತ್ತದೆ. ಎಲ್ಲ 21ರಲ್ಲೂ ಕೊನೆಗೆ ಕನಿಷ್ಠ ಒಂದು ಡೇಟಾ ಬಿಟ್ ತಪ್ಪಿರುತ್ತದೆ. 1 ಮತ್ತು 2ನೇ ಖಾನೆಗಳು ಕೆಟ್ಟವು ಅನ್ನಿ. ಎರಡೂ ಪ್ಯಾರಿಟಿ ಬಿಟ್‌ಗಳೇ, ಡೇಟಾಗೆ ಏನೂ ಆಗಿಲ್ಲ. ಆದರೆ ಸಿಂಡ್ರೋಮ್ 3 ಬರುತ್ತದೆ, ಯಂತ್ರ 3ನೇ ಖಾನೆಯ ಡೇಟಾ ಮಗುಚಿಬಿಡುತ್ತದೆ. ಸುಮ್ನೆ ಬಿಟ್ಟಿದ್ದರೆ ಚೆನ್ನಾಗಿರುತ್ತಿದ್ದ ಡೇಟಾವನ್ನು ತಿದ್ದಲು ಹೋಗಿ ಕೆಡಿಸಿದಂತಾಯಿತು.

ಯಾಕೆ ಹೀಗೆ ಅನ್ನುವುದಕ್ಕೆ ಕಾರಣ ನಾವು ಆಗಲೇ ಹೊಗಳಿದ ಗುಣದಲ್ಲೇ ಇದೆ. ನಾಲ್ಕು ಡೇಟಾ ಬಿಟ್‌ಗಳಿಂದ 16 ಕೋಡ್ ಪದಗಳು ಆಗುತ್ತವೆ. ಪ್ರತಿಯೊಂದಕ್ಕೂ ಒಂದು ಬಿಟ್ ವ್ಯತ್ಯಾಸದ ಏಳು ಅಕ್ಕಪಕ್ಕದವರು. ಅಂದರೆ ಪ್ರತಿ ಪದಕ್ಕೂ ತನ್ನನ್ನೂ ಸೇರಿಸಿ ಎಂಟು ಜನರ ಮನೆ. 16 ಸಲ 8 ಅಂದರೆ 128. ಏಳು ಬಿಟ್‌ಗಳಲ್ಲಿ ಬರೆಯಬಹುದಾದ ಒಟ್ಟು ಸಾಲುಗಳೂ 128. ಊರಲ್ಲಿ ಖಾಲಿ ಸೈಟೇ ಇಲ್ಲ, ಯಾರ ಮನೆಗೂ ಸೇರದ ಸಾಲು ಒಂದೂ ಇಲ್ಲ. ಗಣಿತದಲ್ಲಿ ಇಂಥದ್ದಕ್ಕೆ ಪರಿಪೂರ್ಣ ಕೋಡ್ ಎಂದು ಹೆಸರು. ಯಾವುದೇ ಎರಡು ಕೋಡ್ ಪದಗಳ ನಡುವೆ ಕನಿಷ್ಠ ಮೂರು ಬಿಟ್ ಅಂತರ. ಹಾಗಾಗಿ ಎರಡು ಹೆಜ್ಜೆ ತಪ್ಪಿಟ್ಟವನು ತನ್ನ ಮನೆಯಿಂದ ಎರಡು ಹೆಜ್ಜೆ, ಇನ್ನೊಬ್ಬರ ಮನೆಯಿಂದ ಒಂದೇ ಹೆಜ್ಜೆ ದೂರದಲ್ಲಿರುತ್ತಾನೆ. ಯಂತ್ರ ಹತ್ತಿರದ ಮನೆಗೆ ಸೇರಿಸುತ್ತದೆ. ಎಂಟು ಉತ್ತರಗಳಲ್ಲಿ ಗೊತ್ತಿಲ್ಲ ಅನ್ನುವ ಉತ್ತರಕ್ಕೆ ಜಾಗವೇ ಉಳಿದಿಲ್ಲ ಅಲ್ವಾ?

ಆ ಜಾಗವನ್ನು ಕೊಡುವುದು ಎಂಟನೇ ಬಿಟ್. ಏಳೂ ಖಾನೆಗಳಿಗೆ ಸೇರಿ ಇನ್ನೊಂದು ಪ್ಯಾರಿಟಿ, ಅದಕ್ಕೆ p0 ಅನ್ನೋಣ. `0110011`ರಲ್ಲಿ ನಾಲ್ಕು 1 ಇವೆ, ಸಮ. ಹಾಗಾಗಿ p0 ಸೊನ್ನೆ. ಮುಂದೆ ಇಟ್ಟು ಬರೆದರೆ `0 0110011`.

ಈಗ ಓದುವಾಗ ಎರಡು ಸಂಗತಿ ಒಟ್ಟಿಗೆ ನೋಡುತ್ತೇವೆ: ಸಿಂಡ್ರೋಮ್ ಎಷ್ಟು, ಎಂಟೂ ಬಿಟ್ ಸೇರಿ ಸಮವೋ ಬೆಸವೋ. ಒಂದು ಬಿಟ್ ಕೆಟ್ಟರೆ ಒಟ್ಟು ಬೆಸ ಆಗುತ್ತದೆ. ಆಗ ಸಿಂಡ್ರೋಮ್ ನಂಬಿ ತಿದ್ದಬಹುದು. ಸಿಂಡ್ರೋಮ್ ಸೊನ್ನೆ ಇದ್ದು ಒಟ್ಟು ಮಾತ್ರ ಬೆಸ ಬಂದರೆ ಕೆಟ್ಟದ್ದು p0. ಇನ್ನು ಎರಡು ಬಿಟ್ ಕೆಟ್ಟರೆ ಒಟ್ಟು ಮತ್ತೆ ಸಮಕ್ಕೆ ಬರುತ್ತದೆ, ಆದರೆ ಸಿಂಡ್ರೋಮ್ ಸೊನ್ನೆ ಆಗಿರುವುದಿಲ್ಲ. ನಮ್ಮ ಕೆಟ್ಟ ಉದಾಹರಣೆಗೇ ಹಚ್ಚಿ ನೋಡಿ: `0 0100001`. ಸಿಂಡ್ರೋಮ್ 5, ಒಟ್ಟು ಒಂದುಗಳು ಎರಡು, ಸಮ. ತಪ್ಪಿದೆ ಅನ್ನುತ್ತದೆ ಸಿಂಡ್ರೋಮ್, ಒಂದೇ ತಪ್ಪು ಅಲ್ಲ ಅನ್ನುತ್ತದೆ p0. ಯಂತ್ರ ಕೈ ಹಾಕುವುದಿಲ್ಲ. ಎರಡು ತಪ್ಪಾಗಿದೆ, ನನ್ನಿಂದ ತಿದ್ದಲು ಆಗಲ್ಲ ಅಂತ ಮೇಲಕ್ಕೆ ತಿಳಿಸುತ್ತದೆ. ಆಪರೇಟಿಂಗ್ ಸಿಸ್ಟಂ ಆ ಪ್ರೋಗ್ರಾಮನ್ನು ನಿಲ್ಲಿಸಬಹುದು ಅಥವಾ ಇಡೀ ಯಂತ್ರವನ್ನೇ ನಿಲ್ಲಿಸಬಹುದು. ಬೇಜಾರಾಗುವ ಸಂಗತಿ, ನಿಜ. ಆದರೆ ತಪ್ಪು ಡೇಟಾವನ್ನು ಸರಿ ಅಂತ ಡಿಸ್ಕಿಗೆ ಬರೆಯುವುದಕ್ಕಿಂತ ಯಂತ್ರ ನಿಲ್ಲುವುದು ಎಷ್ಟೋ ವಾಸಿ. ನಿಂತದ್ದು ಎದುರಿಗೆ ಕಾಣುತ್ತದೆ, ತಪ್ಪು ಬರೆದದ್ದು ತಿಂಗಳುಗಟ್ಟಲೆ ಕಾಣುವುದಿಲ್ಲ.

ಇದಕ್ಕೂ ಮಿತಿ ಇದೆ. 3, 5, 6 ಮೂರೂ ಮಗುಚಿದರೆ ಸಿಂಡ್ರೋಮ್ ಸೊನ್ನೆ, ಒಟ್ಟು ಬೆಸ. ಯಂತ್ರಕ್ಕೆ ಕಾಣುವುದು p0 ಕೆಟ್ಟಂತೆ. ಅದು p0 ತಿದ್ದಿ, ಮೂರು ಬಿಟ್ ಕೆಟ್ಟ ಡೇಟಾವನ್ನು ಹಾಗೇ ಕೊಡುತ್ತದೆ. ಒಂದು ತಪ್ಪು ತಿದ್ದುವುದು, ಎರಡು ತಪ್ಪು ಗುರುತಿಸುವುದು, ಅಷ್ಟೇ ಇದರ ಭರವಸೆ.

ನಾಲ್ಕು ಬಿಟ್‌ಗೆ ಮೂರು ಪ್ಯಾರಿಟಿ ದುಬಾರಿ ಅನ್ನಿಸಿದರೆ, ಪದ ದೊಡ್ಡದಾದಂತೆ ಖರ್ಚು ಇಳಿಯುತ್ತದೆ. 64 ಡೇಟಾ ಬಿಟ್‌ಗೆ ಏಳು ಪ್ಯಾರಿಟಿ ಸಾಕು: ಏಳರಿಂದ 128 ಉತ್ತರ, ಬೇಕಾಗಿರುವುದು 72. ಗುರುತಿಸುವ ಆ ಹೆಚ್ಚಿನ ಬಿಟ್ ಸೇರಿಸಿ ಎಂಟು. ಹಾಗಾಗಿಯೇ ಸರ್ವರ್ ಮೆಮೊರಿಯಲ್ಲಿ ವರ್ಷಗಳಿಂದ 72 ಬಿಟ್ ಅಗಲ ಕಾಣುತ್ತಾ ಬಂದಿದೆ. ಎಂಟು ಚಿಪ್ ಇರುವ ಕಡೆ ಒಂಬತ್ತನೆಯದು ಕೂತಿರುತ್ತದೆ.

ಈಗ ಇವತ್ತಿನ ತೊಡಕಿಗೆ ಬರೋಣ. 2020ರ ಜುಲೈನಲ್ಲಿ ಪ್ರಕಟವಾದ ಡಿಡಿಆರ್5 ಮಾನದಂಡದ ಪ್ರಕಾರ ಪ್ರತಿ ಮೆಮೊರಿ ಚಿಪ್ಪಿನ ಒಳಗೇ ಇಸಿಸಿ ಇದೆ. 128 ಡೇಟಾ ಬಿಟ್‌ಗೆ 8 ಪ್ಯಾರಿಟಿ ಬಿಟ್. ಇದನ್ನು ನೋಡಿ ಮಾಮೂಲಿ ಡಿಡಿಆರ್5 ಕೊಂಡವರೂ ತಮ್ಮ ಹತ್ತಿರ ಇಸಿಸಿ ಮೆಮೊರಿ ಇದೆ ಅಂದುಕೊಳ್ಳುತ್ತಾರೆ. ನಾವು ಮಾಡಿದ ಲೆಕ್ಕವನ್ನೇ ಹಚ್ಚಿ ನೋಡಿ. 128 ಮತ್ತು 8 ಸೇರಿ 136 ಖಾನೆ, ಸರಿ ಇದೆ ಅನ್ನಲು ಒಂದು, ಒಟ್ಟು 137 ಉತ್ತರ ಬೇಕು. ಎಂಟು ಬಿಟ್‌ಗಳಿಂದ 256 ಸಿಗುತ್ತವೆ. ಒಂದು ತಪ್ಪು ತಿದ್ದಲು ಧಾರಾಳ. ಆದರೆ ಎರಡು ತಪ್ಪನ್ನು ಖಾತ್ರಿಯಾಗಿ ಗುರುತಿಸಲು ಇನ್ನೊಂದು ಬಿಟ್ ಬೇಕಿತ್ತು, ಒಂಬತ್ತನೆಯದು. ಅದು ಇಲ್ಲ. ಕೆಲವು ಜೋಡಿ ತಪ್ಪುಗಳು ಬಳಸದೆ ಉಳಿದ 119 ಉತ್ತರಗಳಲ್ಲಿ ಬಿದ್ದು ಸಿಕ್ಕಿಬೀಳಬಹುದು. ಉಳಿದವು ನಮ್ಮ `0100001`ರ ಹಾಗೆ ಮೂರನೇ ಬಿಟ್ಟನ್ನೂ ಕೆಡಿಸಬಹುದು.

ಇನ್ನೊಂದು ಕೊರತೆ, ಈ ತಿದ್ದುವಿಕೆ ಚಿಪ್ಪಿನ ಒಳಗೇ ಮುಗಿಯುತ್ತದೆ. ಚಿಪ್ಪಿನಿಂದ ಪ್ರೊಸೆಸರ್‌ಗೆ ಹೋಗುವ ತಂತಿಯಲ್ಲಿ ಆದ ತಪ್ಪಿಗೆ ಅದು ಕಾವಲಲ್ಲ. ಅದನ್ನು ಇಟ್ಟದ್ದು ಮೂಲತಃ ಬೇರೆ ಕಾರಣಕ್ಕೆ. ಮೆಮೊರಿ ಕೋಶಗಳು ತೀರಾ ಚಿಕ್ಕವಾಗಿ, ಅಲ್ಲಲ್ಲಿ ಒಂದೊಂದು ದುರ್ಬಲ ಕೋಶ ಇದ್ದೇ ಇರುತ್ತದೆ. ಅಂಥ ಚಿಪ್ಪನ್ನು ಎಸೆಯದೆ ಬಳಸಲು ತಯಾರಕರಿಗೆ ಇದು ದಾರಿ ಮಾಡಿಕೊಟ್ಟಿತು. ಕೆಲಸಕ್ಕೆ ಬರುವ ಉಪಾಯವೇ ಹೌದು. ಸರ್ವರ್ ಇಸಿಸಿಗೆ ಬದಲಿ ಮಾತ್ರ ಅಲ್ಲ. 2025ರ ಸೆಪ್ಟೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ಮತ್ತು ಗೂಗಲ್ ಸಂಶೋಧಕರು ಫೀನಿಕ್ಸ್ ಎಂಬ ದಾಳಿಯನ್ನು ತೋರಿಸಿದರು. ಅವರು ಪರೀಕ್ಷಿಸಿದ 15 ಡಿಡಿಆರ್5 ಮಾಡ್ಯೂಲ್‌ಗಳಲ್ಲಿ 15ರಲ್ಲೂ ಬಿಟ್ ಮಗುಚಿಸಲು ಆಯಿತು, ಚಿಪ್ಪಿನೊಳಗಿನ ಇಸಿಸಿ ಇದ್ದೂ.

ಒಂದೇ ಪದದಲ್ಲಿ ಎರಡು ಬಿಟ್ ಕೆಡುವುದು ಎಷ್ಟು ಅಪರೂಪ ಅನ್ನುವುದು ಒಂದು ಊಹೆಯ ಮೇಲೆ ನಿಂತಿದೆ. ಒಂದು ಬಿಟ್ ಕೆಟ್ಟದ್ದಕ್ಕೂ ಪಕ್ಕದ್ದಕ್ಕೂ ಸಂಬಂಧ ಇಲ್ಲ ಅಂತ ನಾನು ಮೇಲೆ ಅಂದುಕೊಂಡೆನಲ್ಲ, ಅದೇ ಊಹೆ. ಬಾಹ್ಯಾಕಾಶದಿಂದ ಬಂದ ಕಣ ಎಬ್ಬಿಸಿದ ನ್ಯೂಟ್ರಾನ್ ಬಡಿದಾಗ ಅಕ್ಕಪಕ್ಕದ ಕೋಶಗಳು ಒಟ್ಟಿಗೇ ಕೆಡಬಹುದು. ಅದಕ್ಕೆ ವಿನ್ಯಾಸಕಾರರು ಪಕ್ಕಪಕ್ಕದ ಕೋಶಗಳನ್ನು ಬೇರೆ ಬೇರೆ ಪದಗಳಿಗೆ ಹಂಚುತ್ತಾರೆ. ಆಗ ಎರಡು ಕೆಟ್ಟರೂ ಒಂದೊಂದು ಪದಕ್ಕೆ ಒಂದೊಂದೇ ತಪ್ಪು. ಇನ್ನೊಂದು ಅಪಾಯ ಕಾಲದ್ದು. ಇವತ್ತು ಒಂದು ಬಿಟ್ ಕೆಟ್ಟಿತು, ಆ ಪದವನ್ನು ಯಾರೂ ಓದಲಿಲ್ಲ, ಮುಂದಿನ ತಿಂಗಳು ಅದೇ ಪದದಲ್ಲಿ ಇನ್ನೊಂದು ಕೆಟ್ಟಿತು. ಇದನ್ನು ತಪ್ಪಿಸಲು ಮೆಮೊರಿಯನ್ನು ಆಗಾಗ ಪೂರ್ತಿ ಓದಿ, ತಿದ್ದಿ, ವಾಪಸ್ ಬರೆಯುತ್ತಾರೆ. ಅದಕ್ಕೆ ಸ್ಕ್ರಬ್ಬಿಂಗ್ ಎನ್ನುತ್ತಾರೆ. ದಾಳಿ ಮಾಡುವವರ ಮುಂದೆ ಈ ಊಹೆಗೆ ಬೆಲೆ ಇಲ್ಲ, ಅವರು ಬೇಕೆಂದೇ ಒಂದೇ ಪದಕ್ಕೆ ಗುರಿ ಇಡಲು ನೋಡುತ್ತಾರೆ.

ನಿಮ್ಮ ಯಂತ್ರದಲ್ಲಿ ಯಾವುದಿದೆ ಅಂತ ಲಿನಕ್ಸ್‌ನಲ್ಲಿ ನೋಡುವುದು ಕಷ್ಟವೇನಲ್ಲ.

```
sudo dmidecode -t memory | grep -iE "width|correction"
grep . /sys/devices/system/edac/mc/mc*/[cu]e_count
```

ಮೊದಲ ಆದೇಶದಲ್ಲಿ `Total Width` ಮತ್ತು `Data Width` ಎರಡೂ ಒಂದೇ ಇದ್ದರೆ ಹೊರಗಿನ ಇಸಿಸಿ ಇಲ್ಲ. ಡೇಟಾಗಿಂತ ಒಟ್ಟು ಅಗಲ ಜಾಸ್ತಿ ಇದ್ದರೆ, ಉದಾಹರಣೆಗೆ 64ಕ್ಕೆ 72, ಆ ಹೆಚ್ಚಿನ ಬಿಟ್‌ಗಳೇ ಇಸಿಸಿಗೆ ಇಟ್ಟವು. ಚಿಪ್ಪಿನೊಳಗಿನ ಇಸಿಸಿ ಈ ಅಗಲದಲ್ಲಿ ಕಾಣುವುದಿಲ್ಲ. `Error Correction Type` ಎದುರು `None` ಇದ್ದರೆ ಮಾತು ಮುಗಿಯಿತು.

ಎರಡನೇ ಆದೇಶ ಇಸಿಸಿ ಇರುವ ಯಂತ್ರದಲ್ಲಿ, ಅದಕ್ಕೆ ಬೇಕಾದ ಡ್ರೈವರ್ ಲೋಡ್ ಆಗಿದ್ದರೆ, ಎರಡು ಎಣಿಕೆ ತೋರಿಸುತ್ತದೆ. `ce_count` ತಿದ್ದಿದ ತಪ್ಪುಗಳು, `ue_count` ತಿದ್ದಲಾಗದವು. ವರ್ಷಕ್ಕೆ ಒಂದೆರಡು ಸಲ `ce_count` ಏರಿದರೆ ಗಾಬರಿ ಬೇಡ. ಆದರೆ ಅದೇ ಸ್ಲಾಟಿನಲ್ಲಿ ಪ್ರತಿದಿನ ಏರುತ್ತಿದ್ದರೆ ಅದು ದಾರಿಹೋಕ ಕಣದ ಕೆಲಸವಲ್ಲ, ಅಲ್ಲೊಂದು ಕೋಶವೋ ತಂತಿಯೋ ಪೂರ್ತಿ ಕೆಟ್ಟಿದೆ. ಅಲ್ಲಿನ ಪದಗಳು ಸಿಂಡ್ರೋಮಿನ ಒಂದೇ ಉತ್ತರವನ್ನು ಆಗಲೇ ಖರ್ಚು ಮಾಡಿಕೊಂಡು ಕೂತಿವೆ. ಇನ್ನೊಂದು ಬಿಟ್ ಎಲ್ಲಿಂದ ಬಂದು ಬಡಿದರೂ ಅದು ಎರಡನೇ ತಪ್ಪು. `ue_count` ಒಂದಕ್ಕೆ ಏರುವುದನ್ನು ಕಾಯದೆ ಆ ಮಾಡ್ಯೂಲನ್ನು ಆ ವಾರವೇ ಬದಲಾಯಿಸಿ.